ಕಾಚಂಪುಳಿ ಬರಹದ ನಕಲು: ಒಂದು ಪ್ರಕರಣ, ಎರಡು ಪುಟ

ವಿರಾಜಪೇಟೆಯ ಸಮೀಪದ ಹಳ್ಳಿಯೊಂದರಲ್ಲಿ ಕಾಫಿ ತೋಟ ನೋಡಿಕೊಳ್ಳುತ್ತ, ಮಳೆಗಾಲದಲ್ಲಿ ಮನೆಯಲ್ಲೇ ಕೊಡಗಿನ ಅಡುಗೆಯ ಕಪ್ಪು ಹುಳಿರಸವಾದ ಕಾಚಂಪುಳಿಯನ್ನು ಕಾಯಿಸಿ ಬಾಟಲಿಗಳಲ್ಲಿ ಮಾರುವ ಮಹಿಳೆಯೊಬ್ಬರು ಕೆಲವು ವರ್ಷಗಳಿಂದ ಕನ್ನಡದಲ್ಲಿ ಬ್ಲಾಗ್ ಬರೆಯುತ್ತಿದ್ದಾರೆ. ನಾನು ಮಡಿಕೇರಿಯಲ್ಲಿ ಹೋಮ್‌ಸ್ಟೇಗಳ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸದವನು. ಅವರ ಬ್ಲಾಗನ್ನು ಕಟ್ಟಿಕೊಟ್ಟದ್ದೂ ನಾನೇ ಆದ್ದರಿಂದ, ಅದರಲ್ಲಿನ ಬರಹವೊಂದು ಬೇರೆ ಸೈಟಿನಲ್ಲಿ ಕಾಣಿಸಿಕೊಂಡಾಗ ಅವರು ಮೊದಲು ಫೋನ್ ಮಾಡಿದ್ದು ನನಗೆ. ಮುಂದಿನ ಐದು ವಾರಗಳಲ್ಲಿ ನಾವು ಏನು ಮಾಡಿದೆವು, ಎಲ್ಲಿ ಎಡವಿದೆವು ಎಂಬುದನ್ನು ಅವರ ಒಪ್ಪಿಗೆಯೊಂದಿಗೆ ಇಲ್ಲಿ ದಾಖಲಿಸುತ್ತಿದ್ದೇನೆ. ಲೇಖಕಿಯ ಹೆಸರನ್ನೂ ನಕಲು ಮಾಡಿದ ಸೈಟುಗಳ ಹೆಸರನ್ನೂ ಬಿಟ್ಟಿದ್ದೇನೆ.

ಬರಹ ಕಾಚಂಪುಳಿ ತಯಾರಿಕೆಯ ಕುರಿತದ್ದು. ಮಳೆಗೆ ಉದುರಿದ ಹಣ್ಣುಗಳನ್ನು ಆರಿಸಿ ತರುವುದು, ಬೀಜ ತೆಗೆದ ಸಿಪ್ಪೆಯನ್ನು ಕುಕ್ಕೆಯಲ್ಲಿ ಇಟ್ಟು ಕೆಳಗಿನ ಪಾತ್ರೆಗೆ ರಸ ಇಳಿಯಲು ಬಿಡುವುದು, ಆ ರಸವನ್ನು ಸೌದೆ ಒಲೆಯ ಮೇಲೆ ಕಪ್ಪಗೆ ಗಟ್ಟಿಯಾಗುವವರೆಗೆ ಕಾಯಿಸುವುದು, ಇಷ್ಟನ್ನೂ ಅವರು ತಮ್ಮ ಅವ್ವನ ಕೈಕೆಲಸದ ನೆನಪುಗಳ ಜೊತೆ ಹೆಣೆದು ಬರೆದಿದ್ದರು. ಜೊತೆಗೆ ತಾವೇ ತೆಗೆದ ಆರು ಫೋಟೋಗಳಿದ್ದವು. ಹದ ನೋಡಲು ತಟ್ಟೆಯ ಮೇಲೆ ಬಿಟ್ಟ ಒಂದು ಹನಿಯ ಚಿತ್ರ ಅವುಗಳಲ್ಲಿ ಒಂದು. ಆ ತಟ್ಟೆಯ ಅಂಚಿನಲ್ಲಿ ನೀಲಿ ಬಣ್ಣ ಕಿತ್ತುಹೋದ ಒಂದು ಗುರುತಿದೆ, ಮುಂದೆ ಅದು ನಮ್ಮ ಕೆಲಸಕ್ಕೆ ಬಂತು.

ನಕಲು ಗೊತ್ತಾದದ್ದು ಮನಸ್ಸು ನೋಯುವ ರೀತಿಯಲ್ಲಿ. ಅವರ ಬಳಿ ಬಾಟಲಿ ಕೊಳ್ಳಲು ವಿಚಾರಿಸಿದ ಒಬ್ಬರು, "ಅಕ್ಕ, ಈ ಲೇಖನವನ್ನು ನೀವು ಇಂಥ ಸೈಟಿನಿಂದ ತೆಗೆದುಕೊಂಡಿದ್ದೀರಲ್ಲ, ಹೇಳಿ ಹಾಕಬಾರದಿತ್ತೇ?" ಎಂದು ಕೇಳಿದ್ದರು. ಬರಹದ ಒಂದು ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಹುಡುಕಿದಾಗ ನಕಲು ಮೊದಲು, ಮೂಲ ಅದರ ಕೆಳಗೆ ಬರುತ್ತಿತ್ತು. ಇನ್ನಷ್ಟು ಹುಡುಕಿದಾಗ ಎರಡು ಪುಟಗಳು ಸಿಕ್ಕವು. ಒಂದು, ಜಾಹೀರಾತುಗಳಿಂದ ತುಂಬಿದ ಕನ್ನಡ ಸೈಟಿನಲ್ಲಿ ಅಕ್ಷರಶಃ ನಕಲು. "ಕಾಯಿಸುವಾಗ" ಎಂಬಲ್ಲಿ ದೀರ್ಘ ಬಿಟ್ಟುಹೋಗಿ "ಕಾಯಿಸುವಗ" ಎಂದಾಗಿದ್ದ ಅವರ ಅಚ್ಚಿನ ತಪ್ಪು ಕೂಡ ಹಾಗೆಯೇ ಇತ್ತು. ಇನ್ನೊಂದು, ಬೇರೆಯೇ ಡೊಮೇನಿನಲ್ಲಿ ಅದೇ ಬರಹದ ಇಂಗ್ಲಿಷ್ ಅನುವಾದ. ಈ ಎರಡು ಪುಟಗಳನ್ನು ತೆಗೆಸಲು ಹಿಡಿಯಬೇಕಾದ ದಾರಿ ಬೇರೆ ಬೇರೆಯಾಯಿತು.

ಮೊದಲ ದಿನ ಲೇಖಕಿಗೆ ಇದ್ದ ಆತುರವೆಂದರೆ ಆ ಸೈಟಿನವರಿಗೆ ಖಾರವಾಗಿ ಬರೆಯುವುದು. ಒಂದು ಗಂಟೆ ತಡೆಯಲು ನಾನು ಕೇಳಿಕೊಂಡೆ. ಆ ಗಂಟೆಯಲ್ಲಿ ಎರಡೂ ಪುಟಗಳ ಪೂರ್ಣ ಸ್ಕ್ರೀನ್‌ಶಾಟ್‌ಗಳನ್ನು ವಿಳಾಸಪಟ್ಟಿ ಮತ್ತು ದಿನಾಂಕ ಕಾಣುವಂತೆ ತೆಗೆದೆವು, ಪುಟಗಳನ್ನು ಪಿಡಿಎಫ್ ಆಗಿ ಉಳಿಸಿದೆವು, ಮತ್ತು ವೆಬ್ ಪುಟಗಳ ಪ್ರತಿ ಉಳಿಸಿಡುವ web.archive.org ನಲ್ಲಿ "Save Page Now" ಒತ್ತಿ ಮೂಲವನ್ನೂ ನಕಲುಗಳನ್ನೂ ದಾಖಲಿಸಿದೆವು. ಈ ಮೂರನೆಯದು ಮುಖ್ಯ, ಏಕೆಂದರೆ ಅದು ನಮ್ಮ ಕಂಪ್ಯೂಟರಿನಲ್ಲಿ ಅಲ್ಲ, ಸಂಬಂಧವಿಲ್ಲದ ಮೂರನೆಯವರ ಬಳಿ, ಅವರದೇ ದಿನಾಂಕದೊಂದಿಗೆ ಉಳಿಯುತ್ತದೆ.

ಆ ಒಂದು ಗಂಟೆಗೆ ಬೆಲೆ ಬಂದದ್ದು ಎರಡು ದಿನಗಳ ಬಳಿಕ. ಲೇಖಕಿ ಕನ್ನಡ ಸೈಟಿನ ಸಂಪರ್ಕ ನಮೂನೆಯ ಮೂಲಕ ಸೌಜನ್ಯದಿಂದಲೇ ಬರೆದಿದ್ದರು. ಉತ್ತರವಾಗಿ ಪುಟದ ಕೊನೆಯಲ್ಲಿ "ಕೃಪೆ: ಅಂತರ್ಜಾಲ" ಎಂಬ ಸಾಲೊಂದು ಸೇರಿತು, ಮತ್ತು ಪುಟದ ಮೇಲಿದ್ದ ಪ್ರಕಟಣೆಯ ದಿನಾಂಕ ಅವರ ಬ್ಲಾಗಿನ ದಿನಾಂಕಕ್ಕಿಂತ ಎರಡು ವಾರ ಹಿಂದಕ್ಕೆ ಹೋಗಿತ್ತು. ಪುಟದ ಮೇಲೆ ಕಾಣುವ ದಿನಾಂಕವನ್ನು ಸೈಟಿನ ಒಡೆಯ ಯಾವಾಗ ಬೇಕಾದರೂ ಬದಲಿಸಬಹುದು. ಅದು ಯಾವುದಕ್ಕೂ ಸಾಕ್ಷಿಯಲ್ಲ. ಆದರೆ ನಾವು ಆರ್ಕೈವ್‌ನಲ್ಲಿ ಉಳಿಸಿದ್ದ ಪ್ರತಿಯಲ್ಲಿ ತಿದ್ದುವ ಮೊದಲಿದ್ದ ದಿನಾಂಕ ಹಾಗೆಯೇ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ತಿದ್ದಿದವರು ಯಾರು ಎಂಬುದು ತಾನಾಗಿ ತಿಳಿಯುತ್ತಿತ್ತು. "ಕೃಪೆ" ಎಂದು ಬರೆದ ಮಾತ್ರಕ್ಕೆ ಇಡೀ ಬರಹವನ್ನು ಎತ್ತಿ ಹಾಕಲು ಅನುಮತಿ ಸಿಕ್ಕಂತಾಗುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಕನ್ನಡದ ಬಹಳಷ್ಟು ಸೈಟುಗಳು ಆ ಒಂದು ಪದವನ್ನು ಪರವಾನಗಿ ಎಂದೇ ನಂಬಿವೆ.

ಯಾವುದು ನಮ್ಮದು ಎಂದು ಹೇಳಬಹುದು

ನಕಲನ್ನು ತೆಗೆಯುವಂತೆ ಕೇಳುವ ನೋಟಿಸ್ ಬರೆಯಲು ಕೂತಾಗ ನಮ್ಮಿಬ್ಬರ ನಡುವೆ ನಿಜವಾದ ಚರ್ಚೆ ನಡೆದದ್ದು ಈ ಪ್ರಶ್ನೆಯ ಮೇಲೆ. ಲೇಖಕಿಯ ಮೊದಲ ಕರಡಿನಲ್ಲಿ, ಕಾಚಂಪುಳಿ ಕಾಯಿಸುವ ವಿಧಾನ ತಮ್ಮ ಮನೆತನದ್ದು, ಅದನ್ನು ಕದ್ದಿದ್ದಾರೆ ಎಂದಿತ್ತು. ಅವರ ನೋವು ನನಗೆ ಅರ್ಥವಾಗುತ್ತದೆ, ಆದರೆ ಆ ವಾಕ್ಯ ನೋಟಿಸಿನಲ್ಲಿ ನಿಲ್ಲುವುದಿಲ್ಲ. ಹಕ್ಕುಸ್ವಾಮ್ಯ ಇರುವುದು ಅಭಿವ್ಯಕ್ತಿಗೆ, ಅಂದರೆ ಅವರು ಜೋಡಿಸಿದ ವಾಕ್ಯಗಳಿಗೆ ಮತ್ತು ತೆಗೆದ ಚಿತ್ರಗಳಿಗೆ. ಹಣ್ಣನ್ನು ಎಷ್ಟು ದಿನ ಇಡಬೇಕು, ರಸವನ್ನು ಎಷ್ಟು ಹೊತ್ತು ಕಾಯಿಸಬೇಕು ಎಂಬ ವಿಧಾನಕ್ಕೆ ಅಲ್ಲ. ಅದು ಕೊಡಗಿನ ಎಷ್ಟೋ ಮನೆಗಳಲ್ಲಿ ನಡೆದುಬಂದಿರುವ ಕೆಲಸ. ನಕಲು ಹಾಕಿದ್ದ ಕನ್ನಡ ಸೈಟಿನಲ್ಲಿ ಕಾಚಂಪುಳಿಯ ಬಗ್ಗೆ ಇನ್ನೂ ಒಂದು ಪುಟವಿತ್ತು. ಅದರಲ್ಲಿನ ಮಾಹಿತಿ ಇವರ ಬರಹದಿಂದಲೇ ಬಂದಿರಬೇಕೆಂದು ನನಗೂ ಅನಿಸಿತು, ಆದರೆ ವಾಕ್ಯಗಳು ಬೇರೆಯಾಗಿದ್ದವು. ಅದನ್ನು ನೋಟಿಸಿನಿಂದ ಕೈಬಿಟ್ಟೆವು.

ಕೈಬಿಡಲು ಎರಡು ಕಾರಣಗಳಿದ್ದವು. ನಿಲ್ಲದ ದೂರನ್ನು ನಿಲ್ಲುವ ದೂರಿನ ಜೊತೆ ಸೇರಿಸಿದರೆ ಓದುವ ಸಿಬ್ಬಂದಿಗೆ ಎರಡರ ಮೇಲೂ ಅನುಮಾನ ಹುಟ್ಟುತ್ತದೆ ಎಂಬುದು ಒಂದು. ಇನ್ನೊಂದು ಕಾನೂನಿನದು. ಅಂತರ್ಜಾಲದಲ್ಲಿನ ಹಕ್ಕುಸ್ವಾಮ್ಯದ ಕುರಿತ ಅಮೆರಿಕದ 1998ರ ಡಿಎಂಸಿಎ ಕಾಯ್ದೆಯಡಿ ನೋಟಿಸ್ ಕಳುಹಿಸುವವರು ತಿಳಿದೂ ತಿಳಿದು ಸುಳ್ಳು ಹೇಳಿದರೆ ಅದರಿಂದಾದ ನಷ್ಟಕ್ಕೆ ಹೊಣೆಯಾಗುತ್ತಾರೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 60ನೆಯ ಕಲಮು ಕೂಡ ಆಧಾರವಿಲ್ಲದ ಬೆದರಿಕೆಗೆ ಒಳಗಾದವರಿಗೆ ನ್ಯಾಯಾಲಯದ ಪರಿಹಾರ ಕೊಡುತ್ತದೆ.

ಅನುವಾದದ ವಿಷಯದಲ್ಲಿ ಮಾತ್ರ ನಾವು ಹಿಂಜರಿಯಲಿಲ್ಲ. ಸಾಹಿತ್ಯ ಕೃತಿಯ ಅನುವಾದ ಮಾಡುವ ಹಕ್ಕು ಕೃತಿಯ ಹಕ್ಕುದಾರರದೇ ಎಂದು ನಮ್ಮ ಕಾಯ್ದೆಯ 14ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ, ಮತ್ತು ಆ ಹಕ್ಕು ಇರಲು ನೋಂದಣಿ ಕಡ್ಡಾಯವಲ್ಲ. ತೋರಿಸಬೇಕಾಗಿದ್ದುದು ಇಷ್ಟೇ: ಇದು ಅದೇ ವಿಷಯದ ಮೇಲಿನ ಹೊಸ ಬರಹವಲ್ಲ, ಇವರ ಬರಹದ ಅನುವಾದ. ಸಾಲುಸಾಲಾಗಿ ಹೋಲಿಸುತ್ತ ಹೋದಾಗ ಒಂದು ಕಡೆ ಸಾಕ್ಷಿ ತಾನಾಗಿ ಸಿಕ್ಕಿತು. ಮೂಲದಲ್ಲಿ "ಸಿಪ್ಪೆಯನ್ನು ಕುಕ್ಕೆಯಲ್ಲಿ ಮೂರು ದಿನ ಇಡುತ್ತೇವೆ" ಎಂದಿತ್ತು. ಇಂಗ್ಲಿಷ್ ಪುಟದಲ್ಲಿ ಆ ಕುಕ್ಕೆ ಬಿದಿರಿನ ಬುಟ್ಟಿಯಾಗಿ ಉಳಿದಿರಲಿಲ್ಲ. ದೊಡ್ಡ ಅಕ್ಷರದಿಂದ ಶುರುವಾಗುವ ಊರ ಹೆಸರಾಗಿ, ಸಿಪ್ಪೆಯನ್ನು ಮೂರು ದಿನ ಕುಕ್ಕೆಯೆಂಬ ಊರಿನಲ್ಲಿ ಇಡುತ್ತಾರೆ ಎಂದಾಗಿತ್ತು. ಕಾಚಂಪುಳಿಯ ಬಗ್ಗೆ ಸ್ವಂತವಾಗಿ ತಿಳಿದು ಬರೆದ ಯಾರೂ ಆ ವಾಕ್ಯವನ್ನು ಬರೆಯಲಾರರು. ಅದನ್ನೂ ಇನ್ನು ನಾಲ್ಕು ಭಾಗಗಳನ್ನೂ ಎರಡು ಅಂಕಣಗಳಲ್ಲಿ ಎದುರುಬದುರು ಇಟ್ಟು, ಕನ್ನಡ ಬಾರದವರಿಗೂ ತಿಳಿಯುವಂತೆ ಒಂದೊಂದು ಸಾಲಿನ ವಿವರಣೆ ಬರೆದೆವು.

ನೋಟಿಸ್ ಯಾರಿಗೆ

ಸೈಟಿನ ಒಡೆಯ ಒಪ್ಪದಿದ್ದಾಗ ಮುಂದಿನ ಬಾಗಿಲು ಹೋಸ್ಟಿಂಗ್ ಕಂಪನಿಯದು, ಅಂದರೆ ಆ ಪುಟದ ಕಡತಗಳು ಯಾರ ಸರ್ವರ್‌ನಲ್ಲಿವೆಯೋ ಅವರದು. ಡೊಮೇನ್ ಹೆಸರನ್ನು ನೋಂದಾಯಿಸಿಕೊಟ್ಟವರು ಬೇರೆ, ಜಾಗ ಕೊಟ್ಟವರು ಬೇರೆ ಆಗಿರಬಹುದು. ಇದನ್ನು ತಿಳಿಯಲು ನಾನು ಬಳಸಿದ ಆದೇಶಗಳು ಇವು. ವಿಳಾಸಗಳನ್ನು ಮಾದರಿಗೆ ಬದಲಿಸಿದ್ದೇನೆ.

```
whois example.com
dig +short example.com
whois 203.0.113.25
```

ಮೊದಲನೆಯದು ನೋಂದಣಿದಾರ ಕಂಪನಿಯನ್ನು ತೋರಿಸುತ್ತದೆ. ಎರಡನೆಯದು ಸೈಟಿನ ಐಪಿ ವಿಳಾಸ ಕೊಡುತ್ತದೆ. ಮೂರನೆಯದರಲ್ಲಿ ಆ ಐಪಿ ಯಾರದು ಎಂದೂ, `OrgAbuseEmail` ಅಥವಾ `abuse-mailbox` ಎಂಬ ಸಾಲಿನಲ್ಲಿ ದೂರು ಕಳುಹಿಸಬೇಕಾದ ಮೇಲ್ ವಿಳಾಸವೂ ಕಾಣುತ್ತದೆ. ಕನ್ನಡ ಸೈಟಿನ ಹೋಸ್ಟ್ ಅಮೆರಿಕದ ಒಂದು ಕಂಪನಿ ಎಂಬುದು ಹೀಗೆ ತಿಳಿಯಿತು. ಇಂಗ್ಲಿಷ್ ಸೈಟಿನದು ಅಷ್ಟು ಸುಲಭವಾಗಿರಲಿಲ್ಲ. ಅದರ ಐಪಿ ಸಿಕ್ಕಿದ್ದು ಕ್ಲೌಡ್‌ಫ್ಲೇರ್‌ನಂಥ ನಡುವಿನ ಸೇವೆಯೊಂದರದು. ಇಂಥ ಸೇವೆಗಳು ಸಂಚಾರವನ್ನು ದಾಟಿಸುತ್ತವೆಯೇ ಹೊರತು ಸಾಮಾನ್ಯವಾಗಿ ಪುಟವನ್ನು ಇಟ್ಟುಕೊಂಡಿರುವುದಿಲ್ಲ, ಆದ್ದರಿಂದ ಅವರೇ ಪುಟ ತೆಗೆಯಲಿ ಎಂದು ಕಾಯುವುದು ವ್ಯರ್ಥ. ಅವರ ದೂರಿನ ನಮೂನೆ ತುಂಬಿದರೆ ದೂರು ಹಿಂದಿರುವ ನಿಜವಾದ ಹೋಸ್ಟ್‌ಗೆ ದಾಟುತ್ತದೆ, ಸೈಟಿನ ಒಡೆಯನಿಗೂ ದಾಟಬಹುದು. ಹಾಗಾಗಿ ಲೇಖಕಿ ಈ ಕೆಲಸಕ್ಕೆಂದೇ ಹೊಸ ಮೇಲ್ ವಿಳಾಸ ಮಾಡಿಕೊಂಡರು, ಮತ್ತು ತೋಟದ ಮನೆಯ ವಿಳಾಸದ ಬದಲು ಪೇಟೆಯಲ್ಲಿ ತಮಗೆ ಅಂಚೆ ತಲುಪುವ ವಿಳಾಸವನ್ನು ಕೊಟ್ಟರು. ಒಂಟಿ ಮನೆಯಲ್ಲಿರುವವರು ಈ ಎಚ್ಚರವನ್ನು ಸಣ್ಣದೆಂದು ತಿಳಿಯಬಾರದು.

ಕನ್ನಡ ಪುಟದ ನೋಟಿಸನ್ನು ಡಿಎಂಸಿಎ ಕಾಯ್ದೆಯ 512ನೆಯ ಕಲಮಿನ ಪ್ರಕಾರ ಬರೆದೆವು. ಭಾರತದಲ್ಲಿರುವ ಲೇಖಕರೂ ಇದನ್ನು ಕಳುಹಿಸಬಹುದು, ಏಕೆಂದರೆ ಅದನ್ನು ಪಾಲಿಸಬೇಕಾದವರು ಅಮೆರಿಕದ ಕಂಪನಿ. ಮೂಲ ಬರಹದ ಪೂರ್ಣ ವಿಳಾಸ, ನಕಲಿನ ಪೂರ್ಣ ವಿಳಾಸ, ಆರೂ ಫೋಟೋಗಳ ಪ್ರತ್ಯೇಕ ವಿಳಾಸಗಳು, ಸಂಪರ್ಕದ ವಿವರ ಮತ್ತು ಸಹಿ ಇವಿಷ್ಟಲ್ಲದೆ ಎರಡು ಹೇಳಿಕೆಗಳು ಅದರಲ್ಲಿ ಇರಲೇಬೇಕು. ಈ ಬಳಕೆಗೆ ಹಕ್ಕುದಾರರಾಗಲಿ ಅವರ ಪ್ರತಿನಿಧಿಯಾಗಲಿ ಕಾನೂನಾಗಲಿ ಒಪ್ಪಿಗೆ ಕೊಟ್ಟಿಲ್ಲವೆಂದು ಪ್ರಾಮಾಣಿಕವಾಗಿ ನಂಬಿದ್ದೇನೆ ಎಂಬುದು ಒಂದು. ನೋಟಿಸಿನ ಮಾಹಿತಿ ನಿಖರವಾಗಿದೆ, ಮತ್ತು ಹಕ್ಕುದಾರರಾಗಿ ಅಥವಾ ಅವರ ಪರವಾಗಿ ಹೇಳಲು ನನಗೆ ಅಧಿಕಾರವಿದೆ ಎಂಬುದನ್ನು ಸುಳ್ಳು ಪ್ರಮಾಣದ ಶಿಕ್ಷೆಗೆ ಒಳಪಟ್ಟು ಹೇಳುತ್ತಿದ್ದೇನೆ ಎಂಬುದು ಇನ್ನೊಂದು. ದಿನಾಂಕ ತಿದ್ದಿದ ವಿಚಾರಕ್ಕೆ ಒಂದೇ ಪ್ಯಾರಾ ಕೊಟ್ಟು, ಆರ್ಕೈವ್ ಪ್ರತಿಯ ಲಿಂಕ್ ಸೇರಿಸಿದೆವು. ಹನಿಯ ಫೋಟೋವನ್ನು ನಕಲಿನವರು ಕತ್ತರಿಸಿ ಬಳಸಿದ್ದರು. ತಟ್ಟೆಯ ಅಂಚು ಪೂರ್ತಿ ಕಾಣುವ ಮೂಲ ಚಿತ್ರವನ್ನೂ, ಅದೇ ತಟ್ಟೆಯನ್ನು ಅದೇ ಹೊತ್ತಿನಲ್ಲಿ ತೆಗೆದು ಎಲ್ಲೂ ಪ್ರಕಟಿಸದ ಇನ್ನೆರಡು ಚಿತ್ರಗಳನ್ನೂ ಲಗತ್ತಿಸಿದೆವು. ಕತ್ತರಿಸಿದ ಚಿತ್ರದಿಂದ ಪೂರ್ತಿ ಚಿತ್ರವನ್ನು ಯಾರೂ ಮಾಡಲಾರರು ಎಂಬುದು ವಾದ ಬೇಡದ ಮಾತು.

ಇಷ್ಟು ಮಾಡಿಯೂ ನಾನು ಒಂದು ತಪ್ಪು ಮಾಡಿದ್ದೆ. ಎರಡನೆಯ ಹೇಳಿಕೆಯಲ್ಲಿ ಸುಳ್ಳು ಪ್ರಮಾಣದ ಮಾತನ್ನು ಕರಡು ಚೊಕ್ಕ ಮಾಡುವಾಗ ಅಳಿಸಿಬಿಟ್ಟಿದ್ದೆ. ಮೂರನೆಯ ದಿನ ಹೋಸ್ಟ್‌ನವರು, ಆ ಹೇಳಿಕೆ ಸೇರಿಸಿ ಮತ್ತೆ ಕಳುಹಿಸಿದರೆ ಮಾತ್ರ ಪರಿಶೀಲಿಸುತ್ತೇವೆ ಎಂದು ಮರುತ್ತರ ಬರೆದರು. ಅದು ಮಳೆ ಜೋರಾಗಿದ್ದ ವಾರ. ಲೇಖಕಿಯ ಊರಿನ ಕಡೆ ಲೈನ್ ಮೇಲೆ ಮರ ಬಿದ್ದು ನಾಲ್ಕು ದಿನ ಕರೆಂಟ್ ಇರಲಿಲ್ಲ, ಮೊಬೈಲ್ ಟವರ್ ಕೂಡ ಸತ್ತಿತ್ತು. ಮೇಲ್ ಓದಲು ಸಾಧ್ಯವಾದದ್ದು ಎಂಟನೆಯ ದಿನ. ಅಂದಿನಿಂದ ಆ ಹೊಸ ಮೇಲ್ ಪೆಟ್ಟಿಗೆ ನನ್ನ ಫೋನಿನಲ್ಲೂ ತೆರೆಯುವಂತೆ ಮಾಡಿಕೊಂಡೆವು. ತಿದ್ದಿದ ನೋಟಿಸ್ ಹೋದ ಎರಡು ದಿನಗಳಲ್ಲಿ ಕನ್ನಡ ಪುಟ ಇಲ್ಲವಾಯಿತು. ಅದರ ವಿಳಾಸ 404 ತೋರಿಸತೊಡಗಿತು.

ಅಲ್ಲಿಗೆ ಮುಗಿಯಿತೆಂದು ಲೇಖಕಿಗೆ ನಾನು ಹೇಳಲಿಲ್ಲ. ಪುಟವನ್ನು ತಪ್ಪಾಗಿ ತೆಗೆಯಲಾಗಿದೆ ಎಂದು ನಕಲು ಮಾಡಿದವರು ಪ್ರತಿ-ನೋಟಿಸ್ ಕೊಡಬಹುದು. ಕೊಟ್ಟರೆ, ದೂರುದಾರರು ನ್ಯಾಯಾಲಯಕ್ಕೆ ಹೋಗಿದ್ದೇವೆಂದು ತಿಳಿಸದ ಹೊರತು, ಹೋಸ್ಟ್ 10ರಿಂದ 14 ಕೆಲಸದ ದಿನಗಳೊಳಗೆ ಪುಟವನ್ನು ಮರಳಿ ಹಾಕುತ್ತದೆ. ಹಾಗೆ ಕೊಡಲು ಅವರು ತಮ್ಮ ಹೆಸರು, ವಿಳಾಸ ಬರೆದು ಅಮೆರಿಕದ ನ್ಯಾಯಾಲಯದ ವ್ಯಾಪ್ತಿಗೆ ಒಪ್ಪಬೇಕಾಗುತ್ತದೆ. ನಮ್ಮ ಪ್ರಕರಣದಲ್ಲಿ ಪ್ರತಿ-ನೋಟಿಸ್ ಬರಲಿಲ್ಲ.

ಹೋಸ್ಟ್ ಭಾರತದ್ದಾಗಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು. 2013ರ ಹಕ್ಕುಸ್ವಾಮ್ಯ ನಿಯಮಗಳ 75ನೆಯ ನಿಯಮದ ಪ್ರಕಾರ, ಲಿಖಿತ ದೂರು ಸರಿಯಿದೆ ಎಂದು ಮನವರಿಕೆಯಾದರೆ 36 ಗಂಟೆಗಳೊಳಗೆ ಪ್ರವೇಶ ತಡೆಯಬೇಕು. ಆದರೆ ಆ ತಡೆ 21 ದಿನಗಳದು. ಅಷ್ಟರೊಳಗೆ ನ್ಯಾಯಾಲಯದ ಆದೇಶ ಬಾರದಿದ್ದರೆ ಪುಟವನ್ನು ಮತ್ತೆ ತೆರೆಯಬಹುದು. ದಾವೆ ಹೂಡಿ ಆದೇಶ ತರುತ್ತೇನೆಂಬ ಮುಚ್ಚಳಿಕೆಯನ್ನೂ ದೂರಿನಲ್ಲೇ ಬರೆದುಕೊಡಬೇಕು, ಆದ್ದರಿಂದ ದಾವೆಗೆ ಸಿದ್ಧರಿಲ್ಲದವರು ಆ ಕಾಗದಕ್ಕೆ ಸಹಿ ಹಾಕುವ ಮೊದಲು ವಕೀಲರೊಬ್ಬರನ್ನು ಕೇಳುವುದು ಒಳ್ಳೆಯದು. ಒಂದು ಅನುಕೂಲವಿದೆ: ಹಕ್ಕುಸ್ವಾಮ್ಯ ಕಾಯ್ದೆಯ 62ನೆಯ ಕಲಮಿನಂತೆ ದಾವೆಯನ್ನು ತಾವು ವಾಸಿಸುವ ಜಿಲ್ಲೆಯ ನ್ಯಾಯಾಲಯದಲ್ಲೇ ಹೂಡಬಹುದು, ಅಂದರೆ ಇವರಿಗೆ ಮಡಿಕೇರಿಯಲ್ಲಿ.

ಶೋಧಯಂತ್ರದ ಕಡೆ

ಕನ್ನಡ ಪುಟ ಹೋದ ಬಳಿಕವೂ ಗೂಗಲ್‌ನಲ್ಲಿ ಅದರ ಶೀರ್ಷಿಕೆ ಮತ್ತು ಎರಡು ಸಾಲು ಕಾಣುತ್ತಲೇ ಇದ್ದವು. ಇದಕ್ಕೆ ಹಕ್ಕುಸ್ವಾಮ್ಯದ ದೂರು ಬೇಕಿಲ್ಲ. ಪುಟ ನಿಜವಾಗಿ ಇಲ್ಲದಿರುವಾಗ "Refresh Outdated Content" ಎಂಬ ಸಾಧನದಲ್ಲಿ ಆ ವಿಳಾಸ ಕೊಟ್ಟರೆ ಸಾಕು, ಫಲಿತಾಂಶ ಹೋಗುತ್ತದೆ. ಇಲ್ಲಿ ಹೆಸರುಗಳ ಗೊಂದಲದಿಂದ ಅನಾಹುತವಾಗಬಹುದಿತ್ತು. ಸೈಟಿನ ಒಡೆಯರಿಗಾಗಿ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ "Removals" ಎಂಬ ಇನ್ನೊಂದು ಸಾಧನವಿದೆ. ಲೇಖಕಿ ಅದನ್ನು ತೆರೆದು ತಮ್ಮ ಬರಹದ ವಿಳಾಸವನ್ನು ಅಂಟಿಸಿ, ಇನ್ನೇನು ಒತ್ತಬೇಕು ಎನ್ನುವಾಗ ನನಗೆ ಫೋನ್ ಮಾಡಿದರು. ಆ ಸಾಧನ ನಮ್ಮ ಸ್ವಂತ ಸೈಟಿನ ಪುಟಗಳನ್ನು ಸುಮಾರು ಆರು ತಿಂಗಳು ಹುಡುಕಾಟದಿಂದ ಮರೆಮಾಡುವಂಥದ್ದು. ಒತ್ತಿದ್ದರೆ ಮೂಲವೇ ಮರೆಯಾಗುತ್ತಿತ್ತು.

ಇಂಗ್ಲಿಷ್ ಪುಟದ ಸ್ಥಿತಿ ಬೇರೆ. ನಡುವಿನ ಸೇವೆ ದೂರನ್ನು ದಾಟಿಸಿದೆ ಎಂದು ತಿಳಿಸಿತು, ಹಿಂದಿನ ಹೋಸ್ಟ್‌ಗೆ ನೇರವಾಗಿ ಬರೆದ ಎರಡು ಮೇಲ್‌ಗಳಿಗೂ ಉತ್ತರವಿಲ್ಲ, ಪುಟ ಇದ್ದಲ್ಲೇ ಇತ್ತು. ಆಗ ಉಳಿದದ್ದು ಗೂಗಲ್‌ನ ಹಕ್ಕುಸ್ವಾಮ್ಯ ದೂರು. ಅದರಿಂದ ಪುಟ ಅಳಿಯುವುದಿಲ್ಲ, ಹುಡುಕಿದವರಿಗೆ ಕಾಣುವುದು ನಿಲ್ಲುತ್ತದೆ, ಅಷ್ಟೇ. ಆದರೆ ಇಂಥ ಸೈಟುಗಳಿಗೆ ಓದುಗರು ಬರುವುದೇ ಹುಡುಕಾಟದಿಂದ, ಹಾಗಾಗಿ ಪೆಟ್ಟು ಬೀಳಬೇಕಾದಲ್ಲಿ ಬೀಳುತ್ತದೆ.

ದೂರಿನ ನಮೂನೆ reportcontent.google.com ನಲ್ಲಿದೆ. ಮೊದಲ ಸಲ ಲೇಖಕಿ ತಾವೇ ತುಂಬಿದರು. ನಕಲಿನ ವಿಳಾಸ ಕೇಳುವಲ್ಲಿ ಆ ಸೈಟಿನ ಮುಖಪುಟವನ್ನೂ, ಹುಡುಕಾಟದ ಫಲಿತಾಂಶ ಕಾಣುವ ಗೂಗಲ್ ಪುಟದ ವಿಳಾಸವನ್ನೂ ಅಂಟಿಸಿದ್ದರು. ಕೃತಿಯ ವಿವರದಲ್ಲಿ "ನನ್ನ ಲೇಖನ" ಎಂದಷ್ಟೇ ಇತ್ತು. ಅದು ತಿರಸ್ಕೃತವಾಯಿತು, ಮತ್ತು ತಿರಸ್ಕೃತವಾದದ್ದು ಸರಿಯೇ. ಮುಖಪುಟದಲ್ಲಿ ಅವರ ಬರಹವಿರಲಿಲ್ಲ, ಫಲಿತಾಂಶದ ಪುಟ ಯಾರ ಸೈಟೂ ಅಲ್ಲ. ಎರಡನೆಯ ಸಲ ನಾವು ಜೊತೆಗೆ ಕೂತೆವು. ಲಿಂಕನ್ನು ತೆರೆದು, ಪುಟ ಪೂರ್ತಿ ಬಂದಮೇಲೆ ವಿಳಾಸಪಟ್ಟಿಯಿಂದಲೇ ವಿಳಾಸ ತೆಗೆದುಕೊಂಡೆವು. ಅದೇ ಬರಹ ಮೊಬೈಲ್ ಆವೃತ್ತಿಯ ಇನ್ನೊಂದು ವಿಳಾಸದಲ್ಲೂ ತೆರೆಯುತ್ತಿತ್ತು. ಅದನ್ನು ಬೇರೆ ಸಾಲಿನಲ್ಲಿ ಕೊಟ್ಟೆವು. ಚಿತ್ರಗಳ ಹುಡುಕಾಟಕ್ಕಾಗಿ ಒಂದೊಂದು ಫೋಟೋದ ವಿಳಾಸವನ್ನೂ ಸೇರಿಸಿದೆವು. ಕೃತಿಯ ವಿವರದಲ್ಲಿ ಮೂಲ ಕನ್ನಡದಲ್ಲಿದೆ, ನಕಲು ಅದರ ಅನುಮತಿಯಿಲ್ಲದ ಇಂಗ್ಲಿಷ್ ಅನುವಾದ ಎಂದು ಮೊದಲ ಸಾಲಿನಲ್ಲೇ ಹೇಳಿ, ಕುಕ್ಕೆಯ ವಾಕ್ಯವನ್ನು ಎರಡೂ ಭಾಷೆಗಳಲ್ಲಿ ಇಟ್ಟು, ಕನ್ನಡದಲ್ಲಿ ಆ ಪದಕ್ಕೆ ಬುಟ್ಟಿ ಎಂಬ ಅರ್ಥವಿದೆ ಎಂದು ವಿವರಿಸಿದೆವು.

ದೂರು ಕಳುಹಿಸುವ ಮೊದಲು ಲೇಖಕಿಗೆ ಒಂದು ವಿಷಯ ತಿಳಿಸಿದ್ದೆ. ಗೂಗಲ್ ಇಂಥ ದೂರುಗಳ ಪ್ರತಿಯನ್ನು ಲ್ಯೂಮೆನ್ ಎಂಬ ಸಾರ್ವಜನಿಕ ಸಂಗ್ರಹಕ್ಕೆ ಕಳುಹಿಸುತ್ತದೆ, ಅಲ್ಲಿ ದೂರುದಾರರ ಹೆಸರು ಕಾಣಬಹುದು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದರು: "ಬರಹದ ಮೇಲೂ ನನ್ನ ಹೆಸರೇ ಇದೆಯಲ್ಲ. ಕಳಿಸಿ."

ಆರನೆಯ ದಿನ ಇಂಗ್ಲಿಷ್ ಪುಟದ ಎರಡೂ ವಿಳಾಸಗಳು ಗೂಗಲ್ ಹುಡುಕಾಟದಿಂದ ಹೋದವು. ನಾಲ್ಕು ಫೋಟೋಗಳು ಹೋದವು. ಉಳಿದೆರಡನ್ನು ನಕಲಿನ ಪುಟ ಲೇಖಕಿಯ ಬ್ಲಾಗಿನಿಂದಲೇ ನೇರವಾಗಿ ಎಳೆದು ತೋರಿಸುತ್ತಿತ್ತು, ಅಂದರೆ ನಾವು ದೂರಿನಲ್ಲಿ ಕೊಟ್ಟಿದ್ದು ನಮ್ಮದೇ ಕಡತಗಳ ವಿಳಾಸ. ಆ ಎರಡು ಕಡತಗಳ ಹೆಸರು ಬದಲಿಸಿ ಬ್ಲಾಗಿನಲ್ಲಿ ಮರಳಿ ಸೇರಿಸಿದೊಡನೆ ನಕಲಿನ ಪುಟದಲ್ಲಿ ಅವುಗಳ ಜಾಗ ಖಾಲಿಯಾಯಿತು. ಬಿಂಗ್‌ಗೆ ಅದರದೇ ನಮೂನೆಯಲ್ಲಿ ಬೇರೆಯಾಗಿ ದೂರು ಕೊಟ್ಟೆವು, ಏಕೆಂದರೆ ಒಂದು ಶೋಧಯಂತ್ರ ತೆಗೆದದ್ದನ್ನು ಇನ್ನೊಂದು ತಾನಾಗಿ ತೆಗೆಯುವುದಿಲ್ಲ.

ಅಕ್ಷರಶಃ ನಕಲು ಹೇಗೆ ಆಗಿರಬೇಕು ಎಂಬುದರ ಸುಳಿವು ಆ ಪುಟದಲ್ಲೇ ಇತ್ತು: ಲೇಖಕಿ ತಮ್ಮ ಹಳೆಯ ಬರಹವೊಂದಕ್ಕೆ ಕೊಟ್ಟಿದ್ದ ಲಿಂಕ್ ನಕಲಿನಲ್ಲೂ ಉಳಿದಿತ್ತು. ಕೈಯಿಂದ ನಕಲಿಸಿದವರು ಅದನ್ನು ತೆಗೆಯುತ್ತಿದ್ದರು. ಬ್ಲಾಗಿನ ಹೊಸ ಬರಹಗಳನ್ನು ತಾನಾಗಿ ಹೊರಗೆ ಕೊಡುವ ಫೀಡ್‌ನಿಂದ ಯಂತ್ರ ಎತ್ತಿದಾಗಲೇ ಹೀಗೆ ಉಳಿಯುವುದು ಹೆಚ್ಚು. ಬ್ಲಾಗಿನ ಫೀಡ್ ಇಡೀ ಬರಹವನ್ನು ಹೊರಗೆ ಕೊಡುತ್ತಿತ್ತು, ಹಾಗೆ ಬಿಟ್ಟವನು ನಾನು. ವರ್ಡ್‌ಪ್ರೆಸ್‌ನ ಓದುವ ಆಯ್ಕೆಗಳಲ್ಲಿ ಅದನ್ನು "Excerpt" ಗೆ ಬದಲಿಸಿದ್ದೇನೆ. ಈಗ ಮೊದಲ ಕೆಲವು ಸಾಲುಗಳು ಮಾತ್ರ ಹೊರಹೋಗುತ್ತವೆ.

ಇದನ್ನು ಬರೆಯುವ ಹೊತ್ತಿಗೆ ಇಂಗ್ಲಿಷ್ ಪುಟ ತನ್ನ ವಿಳಾಸದಲ್ಲಿ ಇನ್ನೂ ತೆರೆಯುತ್ತದೆ. ಹೋಸ್ಟ್‌ನಿಂದ ಉತ್ತರ ಬಂದಿಲ್ಲ. ಮೂರನೆಯ ಮೇಲ್ ಕಳುಹಿಸಿದ್ದೇವೆ, ಈ ಸಲ ಪ್ರತಿಯನ್ನು ಡೊಮೇನ್ ನೋಂದಣಿದಾರರ ದೂರು ವಿಭಾಗಕ್ಕೂ ಹಾಕಿದ್ದೇವೆ. ಬರಹದ ವಾಕ್ಯವನ್ನು ಉದ್ಧರಣ ಚಿಹ್ನೆಯಲ್ಲಿಟ್ಟು ಹುಡುಕಿದರೆ ಈಗ ಮೊದಲು ಬರುವುದು ಲೇಖಕಿಯ ಬ್ಲಾಗ್. "ಕಾಯಿಸುವಗ" ಎಂಬ ಪದವನ್ನು ಅವರು ಇನ್ನೂ ತಿದ್ದಿಲ್ಲ. ಪ್ರಕರಣ ಮುಗಿಯುವವರೆಗೆ ಮೂಲದಲ್ಲಿ ಒಂದಕ್ಷರವನ್ನೂ ಮುಟ್ಟಬೇಡಿ ಎಂದು ನಾನೇ ಹೇಳಿದ್ದೇನೆ.